ಒಂದೇ ಅಂಗಳ, ಒಂದರಿಂದ ಏಳನೇ ತರಗತಿ

ಹಳ್ಳಿ ಶಾಲೆಯಲ್ಲಿ ಒಂದರಿಂದ ಏಳನೇ ತರಗತಿಯವರೆಗಿನ ಮಕ್ಕಳಿಗೆ ಒಟ್ಟಿಗೇ ಆಟದ ಪೀರಿಯಡ್ ಬಂದರೆ ಖೋ ಖೋ ಸುಲಭ ಆಯ್ಕೆ. ಅದಕ್ಕೆ ಎರಡು ಕಂಬ, ಸುಣ್ಣದ ಗೆರೆ ಸಾಕು.

ನಲವತ್ತು ನಿಮಿಷದಲ್ಲಿ ಮೊದಲ ಎಂಟು ನಿಮಿಷ ಮೈ ಬಿಸಿ ಮಾಡಲು: ನಿಧಾನದ ಓಟ, ಮಂಡಿ ಎತ್ತಿ ಹೆಜ್ಜೆ, ಸೀಟಿ ಊದಿದೊಡನೆ ದಿಕ್ಕು ಬದಲಿಸುವುದು.

ನಂತರ ಹತ್ತು ನಿಮಿಷ ಖೋ ಕೊಡುವ ಅಭ್ಯಾಸ. ಐವರು ಒಬ್ಬರ ವಿರುದ್ಧ ದಿಕ್ಕಿಗೆ ಒಬ್ಬರು ಮುಖಮಾಡಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಬೆನ್ನು ಮುಟ್ಟುವುದೂ 'ಖೋ' ಎನ್ನುವುದೂ ಒಟ್ಟಿಗೇ ಆಗಬೇಕು. ಚಿಕ್ಕವರು ಕೂಗು ಕೇಳಿದೊಡನೆ, ಮುಟ್ಟುವ ಮುನ್ನವೇ ಎದ್ದುಬಿಡುತ್ತಾರೆ. ಅವರಿಗೆ ಮೊದಲು ನಡೆಯುತ್ತಲೇ ಖೋ ಕೊಡಿಸಿದರೆ ತಪ್ಪು ತಿದ್ದುತ್ತದೆ.

ಆಮೇಲೆ ಹದಿನೈದು ನಿಮಿಷದ ಪುಟ್ಟ ಆಟ. ದೊಡ್ಡವರೇ ಎಲ್ಲರನ್ನೂ ಔಟ್ ಮಾಡದಂತೆ ಇಲ್ಲೊಂದು ಹೊಸ ನಿಯಮ: ಏಳನೇ ತರಗತಿಯವ ಎರಡನೇ ತರಗತಿಯವಳನ್ನು ಮುಟ್ಟುವಂತಿಲ್ಲ, ಅವಳ ಹತ್ತಿರ ಕೂತ ಚಿಕ್ಕವರಿಗೆ ಖೋ ಕೊಡಬೇಕು. ಹಾಗಾಗಿ ಸಾಲಿನಲ್ಲಿ ಚಿಕ್ಕವರು, ದೊಡ್ಡವರು ಬೆರೆತೇ ಕೂರಬೇಕು. ಯಾರಿಗಾದರೂ ಎರಡು ಸುತ್ತಾದರೂ ಖೋ ಸಿಗದಿದ್ದರೆ ಶಿಕ್ಷಕರು ಜಾಗ ಬದಲಿಸುತ್ತಾರೆ.

ಕೊನೆಯ ಏಳು ನಿಮಿಷ ನಡಿಗೆ, ಮೀನಖಂಡ ಮತ್ತು ತೊಡೆಯ ಹಿಂಭಾಗವನ್ನು ಇಪ್ಪತ್ತು ಸೆಕೆಂಡು ಹಿಗ್ಗಿಸುವುದು. ಏದುಸಿರಿಲ್ಲದೆ ಪೂರ್ತಿ ವಾಕ್ಯ ಆಡುವಂತಾದರೆ ಮಕ್ಕಳು ತರಗತಿಗೆ ಹೋಗಬಹುದು.