ಚಕ್ಕುಲಿ, ನಿಪ್ಪಟ್ಟು ಮತ್ತು ಗ್ರಾಫಿನ ಐದು ಮೂಲೆಗಳು

ಇರುವ ಸಾಮಗ್ರಿ, ಸಮಯ, ಆಳುಗಳ ಮಿತಿಯೊಳಗೆ ಅತಿ ಹೆಚ್ಚು ಲಾಭವನ್ನೋ ಅತಿ ಕಡಿಮೆ ಖರ್ಚನ್ನೋ ಹುಡುಕುವ ಲೆಕ್ಕಕ್ಕೆ ಆಪರೇಷನ್ಸ್ ರಿಸರ್ಚಿನಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಎಂದು ಹೆಸರು. ಲಾಭವೂ ಮಿತಿಗಳೂ ನೇರ ಅನುಪಾತದಲ್ಲಿ ಏರಿಳಿಯಬೇಕು ಎಂಬುದೊಂದೇ ಇಲ್ಲಿನ ಷರತ್ತು: ಒಂದು ಕಿಲೋಗೆ ಆರು ನಿಮಿಷ ಬೇಕಾದರೆ ಹತ್ತು ಕಿಲೋಗೆ ಅರವತ್ತು ನಿಮಿಷ. ತೀರ್ಮಾನಿಸಬೇಕಾದ ಪ್ರಮಾಣಗಳು ಎರಡೇ ಇದ್ದರೆ ಇಡೀ ಲೆಕ್ಕವನ್ನು ಗ್ರಾಫ್ ಹಾಳೆಯ ಮೇಲೆ ಬಿಡಿಸಬಹುದು. ದ್ವಿತೀಯ ಪಿಯುಸಿ ಗಣಿತದಲ್ಲಿ ಬರುವುದು ಈ ವಿಧಾನವೇ.

ಚಕ್ಕುಲಿ ಮತ್ತು ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಕೊಡುವ ಒಂದು ಗೃಹೋದ್ಯಮವನ್ನು ಊಹಿಸಿಕೊಳ್ಳಬಹುದು. ಒಂದು ದೊಡ್ಡ ಬಾಣಲೆ, ಮೂವರು ಕೆಲಸದವರು, ದಿನಕ್ಕೆ ಎಂಟು ಗಂಟೆ ಕೆಲಸ. ಒಂದು ಕಿಲೋ ಚಕ್ಕುಲಿ ಕರಿಯಲು 6 ನಿಮಿಷ, ನಿಪ್ಪಟ್ಟಿಗೆ 4 ನಿಮಿಷ. ಬಾಣಲೆ ಸಿಗುವುದು ಒಟ್ಟು 480 ನಿಮಿಷ. ಹಿಟ್ಟು ಕಲಸಿ ಒತ್ತುವ ಕೆಲಸಕ್ಕೆ ಒಂದು ಕಿಲೋ ಚಕ್ಕುಲಿಗೆ 10 ನಿಮಿಷ ಸಾಕು. ನಿಪ್ಪಟ್ಟನ್ನು ಒಂದೊಂದಾಗಿ ತಟ್ಟಬೇಕಾದ್ದರಿಂದ ಕಿಲೋಗೆ 20 ನಿಮಿಷ ಹಿಡಿಯುತ್ತದೆ. ಮೂವರ ಕೈಯಲ್ಲಿರುವುದು 1440 ನಿಮಿಷ. ಅಂಗಡಿಯವರು ದಿನಕ್ಕೆ 60 ಕಿಲೋಗಿಂತ ಹೆಚ್ಚು ನಿಪ್ಪಟ್ಟು ಕೊಳ್ಳುವುದಿಲ್ಲ. ಖರ್ಚು ಕಳೆದು ಚಕ್ಕುಲಿಯಲ್ಲಿ ಕಿಲೋಗೆ 50 ರೂಪಾಯಿ, ನಿಪ್ಪಟ್ಟಿನಲ್ಲಿ 60 ರೂಪಾಯಿ ಉಳಿಯುತ್ತದೆ. ನಿಪ್ಪಟ್ಟಿನ ಲಾಭ ಹೆಚ್ಚು, ಆದರೆ ಕೈಕೆಲಸವೂ ಹೆಚ್ಚು. ಯಾವುದನ್ನು ಎಷ್ಟು ಮಾಡಬೇಕು?

ಚಕ್ಕುಲಿಯನ್ನು x ಕಿಲೋ, ನಿಪ್ಪಟ್ಟನ್ನು y ಕಿಲೋ ಎಂದಿಟ್ಟುಕೊಂಡರೆ ಮಿತಿಗಳು ಹೀಗಾಗುತ್ತವೆ:

6x + 4y ≤ 480
10x + 20y ≤ 1440
y ≤ 60
x ≥ 0, y ≥ 0

ಕೊನೆಯ ಸಾಲನ್ನು ವಿದ್ಯಾರ್ಥಿಗಳು ಬರೆಯಲು ಮರೆಯುವುದುಂಟು. ಮೈನಸ್ ಐದು ಕಿಲೋ ಚಕ್ಕುಲಿ ಯಾರೂ ಮಾಡಲಾರರು ಎಂಬುದು ಮನುಷ್ಯರಿಗೆ ಗೊತ್ತು, ಗ್ರಾಫಿಗೆ ಗೊತ್ತಿಲ್ಲ, ಹೇಳಲೇಬೇಕು.

ಪ್ರತಿ ಮಿತಿಯನ್ನೂ ಮೊದಲು ಸಮೀಕರಣವೆಂದು ಭಾವಿಸಿ ಗೆರೆ ಎಳೆಯಬೇಕು. ಬಾಣಲೆಯನ್ನು ಪೂರ್ತಿ ಚಕ್ಕುಲಿಗೇ ಕೊಟ್ಟರೆ 80 ಕಿಲೋ, ಪೂರ್ತಿ ನಿಪ್ಪಟ್ಟಿಗೆ ಕೊಟ್ಟರೆ 120 ಕಿಲೋ. ಆದ್ದರಿಂದ ಬಾಣಲೆಯ ಗೆರೆ (80, 0) ಮತ್ತು (0, 120) ಬಿಂದುಗಳನ್ನು ಸೇರಿಸುತ್ತದೆ. ಕೈಕೆಲಸದ ಗೆರೆ (144, 0) ಮತ್ತು (0, 72) ಬಿಂದುಗಳ ನಡುವೆ ಬರುತ್ತದೆ. ಅಂಗಡಿಯವರ ಮಿತಿಯದು 60ರ ಎತ್ತರದಲ್ಲಿ ಅಡ್ಡವಾಗಿ ಸಾಗುವ ಗೆರೆ. ಗೆರೆಯ ಯಾವ ಬದಿ ನಮ್ಮದು ಎಂದು ತಿಳಿಯಲು (0, 0) ಬಿಂದುವನ್ನು ಅಸಮತೆಯಲ್ಲಿ ಹಾಕಿ ನೋಡಿದರಾಯಿತು. ಸೊನ್ನೆ 480ಕ್ಕಿಂತ ಕಡಿಮೆಯೇ, ಆದ್ದರಿಂದ ಮೂಲಬಿಂದು ಇರುವ ಬದಿ ಒಪ್ಪಿಗೆಯಾಗುತ್ತದೆ. ಎಲ್ಲ ಮಿತಿಗಳೂ ಒಟ್ಟಿಗೆ ಒಪ್ಪುವ ಜಾಗವೇ ಸಾಧ್ಯ ಪ್ರದೇಶ. ಈ ಲೆಕ್ಕದಲ್ಲಿ ಅದು ಐದು ಮೂಲೆಗಳ ಒಂದು ಬಹುಭುಜ. ಅದರೊಳಗಿನ ಮತ್ತು ಅಂಚಿನ ಪ್ರತಿ ಬಿಂದುವೂ ನಿಜವಾಗಿ ಮಾಡಬಹುದಾದ ಒಂದು ದಿನದ ಕೆಲಸ. ಹೊರಗಿನ ಬಿಂದು ಎಷ್ಟೇ ಆಸೆ ಹುಟ್ಟಿಸಿದರೂ ಆಗದ ಕೆಲಸ.

ಪ್ರದೇಶದೊಳಗೆ ಲೆಕ್ಕವಿಲ್ಲದಷ್ಟು ಬಿಂದುಗಳಿದ್ದರೂ ಮೂಲೆಗಳನ್ನು ಮಾತ್ರ ಪರೀಕ್ಷಿಸಿದರೆ ಸಾಕು. ಇದಕ್ಕೆ ಕಾರಣ ಲಾಭದ ಗೆರೆಯಲ್ಲಿದೆ. ದಿನಕ್ಕೆ 3000 ರೂಪಾಯಿ ಲಾಭ ಕೊಡುವ ಎಲ್ಲ ಬಿಂದುಗಳೂ 50x + 60y = 3000 ಎಂಬ ಒಂದೇ ನೇರ ಗೆರೆಯ ಮೇಲಿವೆ. ಲಾಭ ಹೆಚ್ಚಿದಂತೆ ಈ ಗೆರೆ ಓರೆ ಬದಲಿಸದೆ ಮೇಲಕ್ಕೆ, ಬಲಕ್ಕೆ ಸರಿಯುತ್ತದೆ. ಹಾಳೆಯ ಮೇಲೆ ಸ್ಕೇಲನ್ನು ಈ ಓರೆಯಲ್ಲಿ ಇಟ್ಟು ಮೆಲ್ಲಗೆ ಸರಿಸುತ್ತಾ ಹೋದರೆ, ಅದು ಪ್ರದೇಶವನ್ನು ಬಿಟ್ಟು ಹೋಗುವ ಮುನ್ನ ಕೊನೆಯದಾಗಿ ತಾಗುವುದು ಒಂದು ಮೂಲೆಗೆ. ಒಳಗಿನ ಬಿಂದುವಿನಿಂದ ಇನ್ನಷ್ಟು ಮುಂದೆ ಸರಿಯಲು ಯಾವಾಗಲೂ ಜಾಗವಿರುತ್ತದೆ. ಅಂಚಿನ ನಡುವಿನ ಬಿಂದುವಿನಿಂದಲೂ ಅಂಚನ್ನೇ ಹಿಡಿದು ಒಂದಲ್ಲ ಒಂದು ದಿಕ್ಕಿಗೆ ನಷ್ಟವಿಲ್ಲದೆ ಹೋಗಬಹುದು.

ಮೂಲಬಿಂದುವಿನಲ್ಲಿ ಲಾಭ ಸೊನ್ನೆ. ಬರೀ ಚಕ್ಕುಲಿ ಮಾಡುವ (80, 0) ಮೂಲೆಯಲ್ಲಿ 4000 ರೂಪಾಯಿ, ಬರೀ ನಿಪ್ಪಟ್ಟು ಮಾಡುವ (0, 60) ಮೂಲೆಯಲ್ಲಿ 3600. ಕೈಕೆಲಸದ ಗೆರೆ ಅಂಗಡಿಯವರ ಗೆರೆಯನ್ನು ಕೂಡುವ (24, 60) ಮೂಲೆಯಲ್ಲಿ 4800. ಬಾಣಲೆ ಮತ್ತು ಕೈಕೆಲಸದ ಗೆರೆಗಳು ಕೂಡುವುದು (48, 48)ರಲ್ಲಿ. ಅಲ್ಲಿ 2400 ಮತ್ತು 2880 ಸೇರಿ 5280 ರೂಪಾಯಿ. ಇದೇ ಗರಿಷ್ಠ. ಎರಡನ್ನೂ 48 ಕಿಲೋ ಮಾಡಿದಾಗ ಬಾಣಲೆಗೂ ಬಿಡುವಿಲ್ಲ, ಕೈಗಳಿಗೂ ಬಿಡುವಿಲ್ಲ.

ಇಲ್ಲಿಯೇ ಒಂದು ಬಲೆ ಇದೆ. ಗೆರೆಗಳು ಒಂದನ್ನೊಂದು ದಾಟುವ ಎಲ್ಲ ಕಡೆಯೂ ಸಾಧ್ಯ ಪ್ರದೇಶದ ಮೂಲೆಯಲ್ಲ. ಈ ಚಿತ್ರದಲ್ಲಿ ಎರಡು ಅಕ್ಷಗಳೂ ಸೇರಿ ಐದು ಗೆರೆಗಳು ಒಂಬತ್ತು ಕಡೆ ಕೂಡುತ್ತವೆ, ಮೂಲೆಗಳಾಗುವುದು ಐದು ಮಾತ್ರ. ಬಾಣಲೆಯ ಗೆರೆಯೂ ಅಂಗಡಿಯವರ ಗೆರೆಯೂ ಕೂಡುವ (40, 60) ಬಿಂದು 5600 ರೂಪಾಯಿ ತೋರಿಸುತ್ತದೆ, ಗೆದ್ದ ಮೂಲೆಗಿಂತಲೂ ಹೆಚ್ಚು. ಆದರೆ ಅದಕ್ಕೆ ಬೇಕಾದ ಕೈಕೆಲಸ 1600 ನಿಮಿಷ, ಇರುವುದು 1440. ಚಿತ್ರವನ್ನು ಅವಸರದಲ್ಲಿ ಬಿಡಿಸಿದವರು ಸಾಮಾನ್ಯವಾಗಿ ಎಡವುವುದು ಇಂಥಲ್ಲೇ. ಬಿಂದುವನ್ನು ಪ್ರತಿ ಅಸಮತೆಯಲ್ಲೂ ಹಾಕಿ ನೋಡುವುದೇ ಇದಕ್ಕೆ ಮದ್ದು. ಮೂಲೆಯ ಬೆಲೆಯನ್ನು ಗ್ರಾಫಿನಿಂದ ಕಣ್ಣಂದಾಜಿನಲ್ಲಿ ಓದುವುದೂ ಸಲ್ಲದು. ಎರಡು ಸಮೀಕರಣಗಳನ್ನು ಬಿಡಿಸಿಯೇ ಪಡೆಯಬೇಕು.

ಗೆದ್ದ ಮೂಲೆ ಎಷ್ಟು ಗಟ್ಟಿ ಎಂಬುದನ್ನೂ ಚಿತ್ರ ಹೇಳುತ್ತದೆ. ನಿಪ್ಪಟ್ಟಿನ ಲಾಭ 60ರಲ್ಲೇ ಇದ್ದು ಚಕ್ಕುಲಿಯದು 30ರಿಂದ 90 ರೂಪಾಯಿಯ ನಡುವೆ ಎಲ್ಲೇ ಇದ್ದರೂ (48, 48) ಗರಿಷ್ಠವಾಗಿಯೇ ಉಳಿಯುತ್ತದೆ. ಸರಿಯಾಗಿ 90 ಆದಾಗ ಲಾಭದ ಗೆರೆ ಬಾಣಲೆಯ ಅಂಚಿಗೆ ಸಮಾನಾಂತರವಾಗುತ್ತದೆ. ಆಗ (48, 48) ಮತ್ತು (80, 0) ಎರಡರಲ್ಲೂ 7200 ರೂಪಾಯಿ, ಅವುಗಳ ನಡುವಿನ ಅಂಚಿನ ಪ್ರತಿ ಬಿಂದುವಿನಲ್ಲೂ ಅಷ್ಟೇ. ಎರಡು ಅಕ್ಕಪಕ್ಕದ ಮೂಲೆಗಳು ಸಮ ಬಂದರೆ ಉತ್ತರ ಒಂದಲ್ಲ, ಅನಂತ.

ಮಿತಿಯನ್ನು ಸಡಿಲಿಸಿ ನೋಡಿದರೆ ಮತ್ತೊಂದು ಸಂಗತಿ ಕಾಣುತ್ತದೆ. ಬಾಣಲೆ ಒಂದು ಗಂಟೆ ಹೆಚ್ಚು ಉರಿದರೆ ಮೂಲೆ (63, 40.5)ಕ್ಕೆ ಸರಿದು ಲಾಭ 300 ರೂಪಾಯಿ ಏರುತ್ತದೆ. ಕೈಕೆಲಸ ಒಂದು ಗಂಟೆ ಹೆಚ್ಚಾದರೆ ಏರುವುದು 120 ಮಾತ್ರ. ಅಂಗಡಿಯವರು 60ರ ಬದಲು 70 ಕಿಲೋ ನಿಪ್ಪಟ್ಟು ಕೊಳ್ಳುತ್ತೇವೆಂದರೂ ಲಾಭ ಒಂದು ರೂಪಾಯಿಯೂ ಹೆಚ್ಚುವುದಿಲ್ಲ, ಏಕೆಂದರೆ ಆ ಗೆರೆ ಗೆದ್ದ ಮೂಲೆಯನ್ನು ಮುಟ್ಟಿಯೇ ಇಲ್ಲ.

ಕೆಲವೊಮ್ಮೆ ಸಾಧ್ಯ ಪ್ರದೇಶವೇ ಇರುವುದಿಲ್ಲ. ಎರಡೂ ತಿಂಡಿ ಕನಿಷ್ಠ 50 ಕಿಲೋ ಬೇಕೆಂದು ಅಂಗಡಿಯವರು ಹಟ ಹಿಡಿದರೆ ಬಾಣಲೆಗೆ 500 ನಿಮಿಷ ಬೇಕಾಗುತ್ತದೆ, ಗೆರೆಗಳ ನಡುವೆ ಒಪ್ಪುವ ಜಾಗ ಒಂದು ಚುಕ್ಕೆಯಷ್ಟೂ ಉಳಿಯುವುದಿಲ್ಲ. ಇದಕ್ಕೆ ವಿರುದ್ಧವಾಗಿ ಲಾಭಕ್ಕೆ ಕೊನೆಯೇ ಇಲ್ಲವೆಂದು ಗ್ರಾಫ್ ಹೇಳಿದರೆ, ಯಾವುದೋ ಮಿತಿಯನ್ನು ಬರೆಯಲು ಮರೆತಿದೆ ಎಂದೇ ಅರ್ಥ.

ಮೂರನೆಯ ತಿಂಡಿ ಸೇರಿದರೆ ಪ್ರದೇಶ ಘನಾಕೃತಿಯಾಗುತ್ತದೆ, ನಾಲ್ಕನೆಯದು ಸೇರಿದರೆ ಚಿತ್ರ ಬಿಡಿಸಲಾಗದು. ಇಪ್ಪತ್ತು ತಿಂಡಿ, ಇಪ್ಪತ್ತು ಮಿತಿಗಳಿದ್ದರೆ ಪರೀಕ್ಷಿಸಬೇಕಾದ ಛೇದನಗಳು 13 ಸಾವಿರ ಕೋಟಿ ದಾಟಬಹುದು. ಅಮೆರಿಕದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಅವೆಲ್ಲವನ್ನೂ ನೋಡುವುದಿಲ್ಲ. ಒಂದು ಮೂಲೆಯಲ್ಲಿ ನಿಂತು, ಅಂಚು ಹಿಡಿದು ಹೆಚ್ಚು ಲಾಭದ ಪಕ್ಕದ ಮೂಲೆಗೆ ನಡೆಯುತ್ತದೆ. ಪಕ್ಕದ ಯಾವ ಮೂಲೆಯೂ ಮೇಲಲ್ಲ ಎಂದಾದಾಗ ನಿಲ್ಲುತ್ತದೆ. ಈ ಗೃಹೋದ್ಯಮದ ಲೆಕ್ಕದಲ್ಲಿ ಅದು ಮೂಲಬಿಂದುವಿನಿಂದ ಹೊರಟು, ಕಿಲೋಗೆ ಹೆಚ್ಚು ಲಾಭದ ನಿಪ್ಪಟ್ಟನ್ನು ಮೊದಲು ಹಿಡಿದು (0, 60)ಕ್ಕೆ, ಅಲ್ಲಿಂದ (24, 60)ಕ್ಕೆ, ಅಲ್ಲಿಂದ (48, 48)ಕ್ಕೆ ಮೂರೇ ಹೆಜ್ಜೆಯಲ್ಲಿ ತಲುಪುತ್ತದೆ.