ಚಕ್ರ ಬಿಚ್ಚಿ ನೋಡಿದರೆ ಮಾತ್ರ ಮಳೆಗಾಲದ ಸರ್ವೀಸ್

ಮೇ ತಿಂಗಳು ಅರ್ಧ ಕಳೆಯುವ ಹೊತ್ತಿಗೆ ಶಿವಮೊಗ್ಗದ ಬಡಾವಣೆಗಳ ಗ್ಯಾರೇಜುಗಳ ಮುಂದೆ ಹೊಸ ಬೋರ್ಡುಗಳು ಏಳುತ್ತವೆ. ಅದನ್ನೇ ಫೋಟೊ ತೆಗೆದು ಹಳೆಯ ಗಿರಾಕಿಗಳ ವಾಟ್ಸಾಪಿಗೆ ಕಳಿಸುವವರೂ ಇದ್ದಾರೆ. ಒಂದು ಗ್ಯಾರೇಜಿನ ಬೋರ್ಡಿನಲ್ಲಿ ಬರೆದದ್ದು ಇಷ್ಟು: ‘ಮಳೆಗಾಲದ ಸರ್ವೀಸ್. ವಾಷಿಂಗ್, ಎರಡೂ ಚಕ್ರ ಬಿಚ್ಚಿ ಬ್ರೇಕ್ ಕ್ಲೀನಿಂಗ್, ಕೇಬಲ್‌ಗಳಿಗೆ ಎಣ್ಣೆ, ಏರ್ ಫಿಲ್ಟರ್, ಪ್ಲಗ್, ಬ್ಯಾಟರಿ, ಲೈಟು, ಹಾರ್ನ್, ಟೈರು ಚೆಕಪ್. ಲೇಬರ್ 450 ರೂಪಾಯಿ. ಆಯಿಲ್, ಸಾಮಾನು ಬೇರೆ. ಬೆಳಿಗ್ಗೆ 10ರೊಳಗೆ ಬಿಟ್ಟರೆ ಸಂಜೆ 6ಕ್ಕೆ ಗಾಡಿ ರೆಡಿ. ಸಾಮಾನು ತರಿಸಬೇಕಾದರೆ ಮರುದಿನ.’

ಎರಡು ಬೀದಿ ಆಚೆ ಇನ್ನೊಂದು ಬೋರ್ಡು 30 ಬಗೆಯ ತಪಾಸಣೆಯನ್ನು ಒಂದೇ ಗಂಟೆಯಲ್ಲಿ ಮುಗಿಸಿಕೊಡುವುದಾಗಿ ಹೇಳುತ್ತದೆ. ಮೇಲ್ನೋಟಕ್ಕೆ ಎರಡನೆಯದೇ ಲಾಭ ಅನ್ನಿಸುತ್ತದೆ. ಆದರೆ ಮಳೆಗಾಲದ ಮಟ್ಟಿಗೆ ಕೆಲಸಕ್ಕೆ ಬರುವ ಮಾತು ಇರುವುದು ಮೊದಲ ಬೋರ್ಡಿನಲ್ಲಿ, ಅದೂ ‘ಎರಡೂ ಚಕ್ರ ಬಿಚ್ಚಿ’ ಎಂಬಲ್ಲಿ.

ಊರಿನ ರಸ್ತೆಗಳಲ್ಲಿ ಓಡುವ 100, 110 ಸಿಸಿಯ ಬೈಕು, ಸ್ಕೂಟರುಗಳಲ್ಲಿ ಬಹಳಷ್ಟಕ್ಕೆ ಕನಿಷ್ಠ ಹಿಂದಿನ ಚಕ್ರಕ್ಕಾದರೂ ಡ್ರಮ್ ಬ್ರೇಕ್ ಇರುತ್ತದೆ. ಚಕ್ರದ ನಡುವಿನ ಲೋಹದ ಡಬ್ಬಿಯೇ ಡ್ರಮ್. ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ಬ್ರೇಕ್ ಶೂಗಳು. ಲಿವರ್ ಒತ್ತಿದಾಗ ಕೇಬಲ್ ಒಂದು ಸಣ್ಣ ಕ್ಯಾಮನ್ನು ತಿರುಗಿಸುತ್ತದೆ, ಕ್ಯಾಮ್ ಶೂಗಳನ್ನು ಅಗಲಿಸುತ್ತದೆ, ಶೂಗಳು ಡ್ರಮ್ಮಿನ ಒಳಗೋಡೆಗೆ ಒತ್ತಿಕೊಂಡು ಚಕ್ರ ನಿಲ್ಲುತ್ತದೆ. ಶೂ ಸವೆದ ಪುಡಿ ಮಾತ್ರ ಹೊರಬರಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ. ಬೇಸಿಗೆಯಿಡೀ ಸೇರಿದ ಈ ಪುಡಿಗೆ ಮಳೆಯ ನೀರು ತಾಗಿದರೆ ಸಣ್ಣ ಕೆಸರಾಗಿ ಶೂವಿನ ಮೇಲೆ ಮೆತ್ತಿಕೊಳ್ಳುತ್ತದೆ. ಆಗ ಬ್ರೇಕು ಮೊದಲು ಹಿಡಿಯುವುದೇ ಇಲ್ಲ, ಆಮೇಲೆ ಒಮ್ಮೆಲೇ ಕಚ್ಚುತ್ತದೆ. ಒದ್ದೆ ರಸ್ತೆಯಲ್ಲಿ ಹೀಗೆ ಒಮ್ಮೆಲೇ ಕಚ್ಚುವುದು ಹಿಡಿಯದೇ ಇರುವುದಕ್ಕಿಂತ ಅಪಾಯ, ಏಕೆಂದರೆ ಲಾಕ್ ಆದ ಚಕ್ರ ಜಾರತೊಡಗುತ್ತದೆ.

ಇದನ್ನು ಹೊರಗಿನಿಂದ ನೋಡಿ ತಿಳಿಯಲಾಗದು. ಹೊರಗಿನ ನಟ್ ತಿರುಗಿಸಿ ಬ್ರೇಕ್ ‘ಟೈಟ್’ ಮಾಡಿಕೊಟ್ಟರೆ ಲಿವರ್ ಗಟ್ಟಿಯಾಗುತ್ತದೆ, ಸವಾರನಿಗೆ ಸಮಾಧಾನವೂ ಆಗುತ್ತದೆ, ಆದರೆ ಒಳಗಿನ ಪುಡಿ ಇದ್ದಲ್ಲೇ ಇರುತ್ತದೆ. ಒಂದು ಗಂಟೆಯ ಸರ್ವೀಸಿನಲ್ಲಿ ಸಾಮಾನ್ಯವಾಗಿ ನಡೆಯುವುದು ಇದೇ. ಸ್ಕೂಟರಿನ ಹಿಂದಿನ ಚಕ್ರವಂತೂ ಇನ್ನೂ ತಡದ ಕೆಲಸ. ಅನೇಕ ಮಾಡೆಲ್‌ಗಳಲ್ಲಿ ಸೈಲೆನ್ಸರ್ ಕಳಚಿದ ಮೇಲೆಯೇ ಚಕ್ರ ಈಚೆ ಬರುತ್ತದೆ. ಹಾಗಾಗಿ ಅವಸರದಲ್ಲಿರುವ ಮೆಕ್ಯಾನಿಕ್ ಮುಂದಿನದನ್ನು ಬಿಚ್ಚಿ ಹಿಂದಿನದನ್ನು ಬಿಟ್ಟುಬಿಡುತ್ತಾನೆ.

ಆ ಗ್ಯಾರೇಜಿಗೆ ಮೇ ಮೂರನೇ ವಾರ ಬಂದ ಒಂದು 110 ಸಿಸಿ ಸ್ಕೂಟರನ್ನೇ ನೋಡಬಹುದು. ಗಾಡಿಗೆ ಐದು ವರ್ಷ. ಯಜಮಾನತಿ ಪಕ್ಕದ ಹಳ್ಳಿಯ ಶಾಲೆಯಲ್ಲಿ ಟೀಚರ್. ದಾರಿಯಲ್ಲಿ ಒಂದಷ್ಟು ಮಣ್ಣುರಸ್ತೆ. ಅವರು ಹೇಳಿದ ದೂರು ಒಂದೇ: ಬೆಳಿಗ್ಗೆ ಸೆಲ್ಫ್ ಸ್ಟಾರ್ಟ್ ತಡ ಮಾಡುತ್ತದೆ. ಬ್ರೇಕಿನ ಬಗ್ಗೆ ಏನೂ ಹೇಳಲಿಲ್ಲ. ದಿನಾ ಓಡಿಸುವವರಿಗೆ ಬ್ರೇಕ್ ನಿಧಾನವಾಗಿ ಸೋಲುವುದು ಗೊತ್ತಾಗುವುದೂ ಇಲ್ಲ, ಕೈ ತಾನಾಗಿಯೇ ಇನ್ನಷ್ಟು ಒತ್ತುವುದನ್ನು ಕಲಿತುಬಿಡುತ್ತದೆ.

ಮೆಕ್ಯಾನಿಕ್ ಮೊದಲು ಗಾಡಿಯನ್ನು ಬೀದಿಯ ತುದಿಯವರೆಗೆ ಓಡಿಸಿ ಬಂದ. ಆಮೇಲೆ ಹಿಂದಿನ ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಚಕ್ರದ ಬಳಿಯ ಬ್ರೇಕ್ ಆರ್ಮ್ ಮೇಲಿನ ಸಣ್ಣ ಬಾಣದ ಗುರುತನ್ನು ತೋರಿಸಿದ. ಬ್ರೇಕ್ ಒತ್ತಿದಾಗ ಈ ಬಾಣ ಪಕ್ಕದ ಪ್ಲೇಟಿನ ಮೇಲಿನ ಗೆರೆಯನ್ನು ಮುಟ್ಟಿದರೆ ಶೂ ಮುಗಿದಿದೆ ಎಂದರ್ಥ. ಇಂಥ ಗುರುತು ಬಹಳಷ್ಟು ಡ್ರಮ್ ಬ್ರೇಕ್ ಗಾಡಿಗಳಲ್ಲಿ ಇರುತ್ತದೆ, ಯಾರು ಬೇಕಾದರೂ ಮನೆಯಲ್ಲೇ ನೋಡಿಕೊಳ್ಳಬಹುದು. ಟೀಚರ್ ಗಾಡಿಯಲ್ಲಿ ಬಾಣ ಗೆರೆಯ ಮೇಲೆಯೇ ನಿಂತಿತ್ತು.

“ಮೇಡಂ, ಹಿಂದಿನ ಶೂ ಹೋಗಿದೆ. ಟೈಟ್ ಮಾಡಿದ್ರೆ ಹದಿನೈದು ದಿನ ಬರುತ್ತೆ, ಆಮೇಲೆ ಡ್ರಮ್ಮೇ ಕೆರೆದುಹೋಗುತ್ತೆ. ಹಾಕಿಬಿಡ್ಲಾ?”

“ಹಾಕಿ. ಸಂಜೆ ಒಳಗೆ ಸಿಗುತ್ತಲ್ವಾ?”

“ಶೂ ಅಂಗಡೀಲೇ ಇದೆ ಮೇಡಂ, ಆರಕ್ಕೆ ಬನ್ನಿ.”

ವಾಷಿಂಗ್ ಮೊದಲು ಆಯಿತು. ಈ ಕ್ರಮಕ್ಕೆ ಕಾರಣವಿದೆ. ಬ್ರೇಕು, ಕೇಬಲ್ಲಿಗೆಲ್ಲ ಗ್ರೀಸು, ಎಣ್ಣೆ ಹಚ್ಚಿದ ಮೇಲೆ ಪ್ರೆಷರ್ ಪೈಪಿನಲ್ಲಿ ನೀರು ಹೊಡೆದರೆ ಮಾಡಿದ ಕೆಲಸವೇ ತೊಳೆದುಹೋಗುತ್ತದೆ. ಚಕ್ರದ ಬೇರಿಂಗಿನ ಮೇಲೆ ನೇರವಾಗಿ ನೀರು ಹಾಯಿಸುವುದೂ ತಪ್ಪು, ಸೀಲ್ ದಾಟಿ ಒಳನುಗ್ಗಿದ ನೀರು ಅಲ್ಲೇ ಉಳಿದು ತುಕ್ಕು ಹಿಡಿಸುತ್ತದೆ. ತೊಳೆದ ಗಾಡಿ ಅರ್ಧ ಗಂಟೆ ಬಿಸಿಲಲ್ಲಿ ನಿಂತಿತು.

ಚಕ್ರ ಬಿಚ್ಚಿದಾಗ ಡ್ರಮ್ಮಿನಲ್ಲಿ ಕಪ್ಪು ಪುಡಿ ತುಂಬಿತ್ತು. ಗಾಳಿ ಹೊಡೆದು ಅದನ್ನು ಹಾರಿಸುವ ಅಭ್ಯಾಸ ಅನೇಕ ಕಡೆ ಇದೆ, ಅದು ಉಸಿರಾಟಕ್ಕೆ ಕೆಟ್ಟದ್ದು. ಈ ಮೆಕ್ಯಾನಿಕ್ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದ. ಕ್ಯಾಮ್ ಕಳಚಿ, ತುಕ್ಕನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಬೆರಳ ತುದಿಯಷ್ಟು ಗ್ರೀಸು ಸವರಿದ. ಇಲ್ಲಿ ಧಾರಾಳತನ ಕೂಡದು. ಹೆಚ್ಚಾದ ಗ್ರೀಸು ಡ್ರಮ್ಮಿನ ಬಿಸಿಗೆ ಕರಗಿ ಶೂವಿನ ಮೇಲೆ ಇಳಿದರೆ ಹೊಸ ಶೂ ಕೂಡ ಹಿಡಿಯುವುದಿಲ್ಲ. ಮುಂದಿನ ಶೂ ಇನ್ನೂ ಚೆನ್ನಾಗಿತ್ತು, ಮೇಲ್ಮೈ ಮಾತ್ರ ಗಾಜಿನಂತೆ ನುಣುಪಾಗಿತ್ತು. ಅದನ್ನು ಎಮರಿಯಲ್ಲಿ ಒರಟು ಮಾಡಿ ವಾಪಸು ಹಾಕಿದ. ಎರಡೂ ಚಕ್ರಕ್ಕೆ ಸೇರಿ ಒಂದು ಗಂಟೆಗೂ ಸ್ವಲ್ಪ ಹೆಚ್ಚೇ ಹಿಡಿಯಿತು.

ಕೇಬಲ್ಲಿನ ಸರದಿ ನಂತರ. 125 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳಿಗೆ 2019ರ ಏಪ್ರಿಲ್‌ನಿಂದ ಸಿಬಿಎಸ್ ಅಥವಾ ಎಬಿಎಸ್ ಕಡ್ಡಾಯ. ಸಿಬಿಎಸ್ ಎಂದರೆ, ಸ್ಕೂಟರಿನಲ್ಲಿ ಎಡಗೈ ಲಿವರ್ ಒತ್ತಿದರೆ ಹಿಂದಿನ ಬ್ರೇಕಿನ ಜೊತೆ ಮುಂದಿನದೂ ಸ್ವಲ್ಪ ಹಿಡಿಯುವ ಏರ್ಪಾಡು. ಡ್ರಮ್ ಬ್ರೇಕಿನ ಗಾಡಿಯಲ್ಲಿ ಎರಡು ಕೇಬಲ್ಲುಗಳು ಸೇರುವ ಕೀಲೊಂದು ಇದಕ್ಕಾಗಿ ಇರುತ್ತದೆ. ಅಲ್ಲಿ ನೀರು, ಧೂಳು ಸೇರಿ ಬಿಗಿದುಕೊಂಡರೆ ಲಿವರ್ ಬಿಟ್ಟ ಮೇಲೂ ಬ್ರೇಕು ಪೂರ್ತಿ ಬಿಡುವುದಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದಾಗ ಸರಾಗವಾಗಿ ಸುತ್ತದೆ ಎಳೆದಂತಾದರೆ ಮೊದಲ ಅನುಮಾನ ಅಲ್ಲಿಗೇ ಹೋಗಬೇಕು. ಟೀಚರ್ ಗಾಡಿಯಲ್ಲಿ ಎಣ್ಣೆ ಬಿಟ್ಟು ನಾಲ್ಕು ಸಲ ಆಡಿಸಿದ ಮೇಲೆ ಕೀಲು ಸಡಿಲವಾಯಿತು. ಕೇಬಲ್ಲಿನ ಎಳೆಗಳು ಬಿಚ್ಚಿಕೊಂಡಿದ್ದರೆ ಎಣ್ಣೆಯಿಂದ ಪ್ರಯೋಜನವಿರಲಿಲ್ಲ, ಹೊಸದೇ ಬೇಕಾಗುತ್ತಿತ್ತು.

ಇನ್ನು ಅವರೇ ಹೇಳಿದ ಸ್ಟಾರ್ಟಿಂಗ್ ದೂರು. ಸೆಲ್ಫ್ ಒತ್ತಿ ಕಿವಿಗೊಟ್ಟು ‘ಬ್ಯಾಟರಿ ವೀಕ್’ ಎಂದುಬಿಡುವುದು ಸುಲಭ. ಮೀಟರ್ ಹಿಡಿದರೆ ಮಾತ್ರ ನಿಜ ತಿಳಿಯುತ್ತದೆ. ಗಾಡಿ ಆಫ್ ಇದ್ದಾಗ ಬ್ಯಾಟರಿ 12.5 ವೋಲ್ಟಿನ ಆಸುಪಾಸು ತೋರಿಸಬೇಕು. ಸೆಲ್ಫ್ ಒತ್ತಿದಾಗ ಅದು 10ಕ್ಕಿಂತ ಬಹಳ ಕೆಳಗೆ ಕುಸಿಯಬಾರದು. ಎಂಜಿನ್ ಓಡುವಾಗ, ಎಕ್ಸಲೇಟರ್ ಸ್ವಲ್ಪ ಏರಿಸಿದರೆ, 14ರ ಹತ್ತಿರ ಬರಬೇಕು, ಆಗ ಚಾರ್ಜಿಂಗ್ ಸರಿಯಿದೆ ಎಂದು ಗೊತ್ತಾಗುತ್ತದೆ. ಇಲ್ಲಿ ಮೂರೂ ಸರಿಯಿತ್ತು. ತೊಂದರೆ ಇದ್ದದ್ದು ಬ್ಯಾಟರಿ ಟರ್ಮಿನಲ್ ಮೇಲೆ, ಬಿಳಿ ಪುಡಿ ಕಟ್ಟಿ ಸ್ಕ್ರೂ ಸಡಿಲವಾಗಿತ್ತು. ಕೆರೆದು, ಬಿಗಿ ಮಾಡಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಕೆಲಸ ಮುಗಿಯಿತು. ಮೀಟರ್ ಹಿಡಿಯದೆ ಹೋಗಿದ್ದರೆ ಆ ದಿನ ಹೊಸ ಬ್ಯಾಟರಿ ಮಾರಾಟವಾಗುತ್ತಿತ್ತು. 2020ರ ಬಿಎಸ್-6 ನಿಯಮದ ನಂತರ ಬಂದ ಫ್ಯುಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಪೆಟ್ರೋಲ್ ಪಂಪು ನಡೆಯುವುದೂ ವಿದ್ಯುತ್ತಿನಿಂದಲೇ. ಆದ್ದರಿಂದ ಮಳೆಗೆ ಮುಂಚೆ ಈ ಪರೀಕ್ಷೆಗೆ ಬೆಲೆ ಹೆಚ್ಚು.

ಪ್ಲಗ್ ಮೇಲಿನ ಕ್ಯಾಪಿನ ರಬ್ಬರ್ ಬಿರಿದಿದ್ದರೆ ನೀರು ಸೇರಿ ಗಾಡಿ ಮಿಸ್ ಹೊಡೆಯುತ್ತದೆ, ಬದಲಿಸಿದರೆ ಸಾಕು. ಏರ್ ಫಿಲ್ಟರ್ ಎಣ್ಣೆ ಹೀರಿಸಿದ ಕಾಗದದ್ದಾದರೆ ಅದಕ್ಕೆ ಗಾಳಿ ಹೊಡೆದು ‘ಕ್ಲೀನ್’ ಮಾಡುವುದು ಮೋಸವಲ್ಲದಿದ್ದರೂ ತಪ್ಪು ಕೆಲಸ. ಅದು ಬದಲಿಸಬೇಕಾದ ಸಾಮಾನು.

ಬೋರ್ಡುಗಳಲ್ಲಿ ಬಹುಪಾಲು ಬಿಟ್ಟುಹೋಗುವ ಒಂದು ಜಾಗವಿದೆ, ಬೈಕಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದರ ಸುತ್ತಲಿನ ತಗ್ಗಿನಲ್ಲಿ ನಿಂತ ಮಳೆನೀರು ಹರಿದುಹೋಗಲು ಅನೇಕ ಬೈಕುಗಳಲ್ಲಿ ಸಣ್ಣ ತೂತು ಇರುತ್ತದೆ. ಧೂಳಿನಿಂದ ಅದು ಮುಚ್ಚಿದರೆ ನೀರು ಅಲ್ಲೇ ನಿಂತು, ಹಳೆಯ ಸೀಲಿನ ಮೂಲಕ ಟ್ಯಾಂಕಿಗೆ ಇಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದೆ. ನೀರು ಒಂದು ಮಿತಿ ಮೀರಿದರೆ ಎಥನಾಲ್ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತದೆ, ಎಂಜಿನ್ನಿಗೆ ಮೊದಲು ಹೋಗುವುದು ಆ ತಳದ್ದೇ. ತೆಳು ತಂತಿಯೊಂದನ್ನು ತೂತಿನಲ್ಲಿ ಆಡಿಸಲು ಒಂದು ನಿಮಿಷವೂ ಬೇಡ, ಬಾಯಿಬಿಟ್ಟು ಕೇಳಿ ಮಾಡಿಸಿಕೊಳ್ಳಬೇಕು.

‘ತುಕ್ಕು ಬಾರದಂತೆ ಟೆಫ್ಲಾನ್ ಕೋಟಿಂಗ್’ ಎಂದು ಸೇರಿಸುವ ಬಾಬ್ತಿಗೆ ಈ ಸಮಯದಲ್ಲಿ ಹಣ ಹಾಕಬೇಕಾಗಿಲ್ಲ. ಅದು ಬಣ್ಣಕ್ಕೆ ಹೊಳಪು ಕೊಡುವ ಪಾಲಿಶ್. ತುಕ್ಕು ಹಿಡಿಯುವುದು ಗಾಡಿಯ ಅಡಿಭಾಗ, ಸ್ಟ್ಯಾಂಡು, ಸೈಲೆನ್ಸರುಗಳಿಗೆ. ಅದೇ ಹಣ ಸವೆದ ಟೈರಿಗೆ ಹೋಗಲಿ. ಟೈರಿನ ಗೀರುಗಳ ತಳದಲ್ಲಿ ಅಡ್ಡಲಾಗಿ ಉಬ್ಬಿದ ಸಣ್ಣ ರಬ್ಬರ್ ಪಟ್ಟಿಗಳಿರುತ್ತವೆ. ಟೈರಿನ ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಇಳಿದಿದ್ದರೆ ಆ ಟೈರು ನೀರನ್ನು ಪಕ್ಕಕ್ಕೆ ತಳ್ಳುವ ಕೆಲಸ ನಿಲ್ಲಿಸಿದೆ.

ಹಾಗಾದರೆ ಸಂಜೆ 6 ಗಂಟೆ ಎಂಬುದು ಎಲ್ಲಿಂದ ಬಂತು? ಓಡಿಸಿ ನೋಡುವುದು, ತೊಳೆಯುವುದು, ಒಣಗಿಸುವುದು, ಎರಡು ಚಕ್ರ, ಕೇಬಲ್ಲು, ಆಯಿಲ್ ಬದಲಾವಣೆ, ವಿದ್ಯುತ್ ಪರೀಕ್ಷೆ, ಕೊನೆಗೆ ಮತ್ತೆ ಓಡಿಸುವುದು, ಎಲ್ಲ ಸೇರಿ ಒಂದು ಗಾಡಿಗೆ ಮೂರು ತಾಸು. ಇಬ್ಬರು ಕೆಲಸಗಾರರಿರುವ ಗ್ಯಾರೇಜು ದಿನಕ್ಕೆ ಆರು ಗಾಡಿಗಿಂತ ಹೆಚ್ಚು ಒಪ್ಪಿಕೊಂಡರೆ ಯಾವುದಾದರೂ ಒಂದರ ಹಿಂದಿನ ಚಕ್ರ ಬಿಚ್ಚದೇ ಉಳಿಯುತ್ತದೆ. ಆ ಗ್ಯಾರೇಜಿನವರು ಆರಕ್ಕೇ ನಿಲ್ಲಿಸಿ ಏಳನೆಯವರಿಗೆ ಮರುದಿನದ ಸಮಯ ಕೊಡುತ್ತಾರೆ. ಬೇಸರವಾದರೂ ಒಪ್ಪಿಕೊಳ್ಳಬೇಕಾದ ಮಾತು ಅದು. ಸ್ಟಾಕ್ ಇಲ್ಲದ ಸಾಮಾನು ಬೇಕಾದರೆ ಒಂದು ದಿನ ಹೆಚ್ಚು, ಎಂಜಿನ್ ಕೆಲಸ ಬಿದ್ದರೆ ಅದು ಈ ಲೆಕ್ಕಕ್ಕೇ ಸೇರದು.

ಗಾಡಿ ಬಿಡಿಸಿಕೊಳ್ಳುವಾಗ ಕಳಚಿದ ಹಳೆಯ ಶೂ, ಪ್ಲಗ್, ಫಿಲ್ಟರುಗಳನ್ನು ತೋರಿಸಲು ಹೇಳಿ. ಹೊಸ ಶೂ ಡ್ರಮ್ಮಿಗೆ ಹೊಂದಿಕೊಳ್ಳಲು ಕೆಲವು ದಿನದ ಓಡಾಟ ಬೇಕಾಗುತ್ತದೆ, ಅಲ್ಲಿಯವರೆಗೆ ಬ್ರೇಕು ಸ್ವಲ್ಪ ಮೆತ್ತಗೇ ಇರುತ್ತದೆ. ಆದ್ದರಿಂದ ಮೊದಲ ಮಳೆ ಬಿದ್ದ ಮರುದಿನ ಗ್ಯಾರೇಜಿಗೆ ಓಡದೆ, ಮುಂಗಾರು ಹಿಡಿಯುವುದಕ್ಕೆ ಎರಡು ವಾರ ಮೊದಲೇ ಗಾಡಿ ಬಿಡಿ.