ಕೊಂಡ ಆಟಗಾರ ಐದು ವರ್ಷದ ಲೆಕ್ಕಕ್ಕೆ, ಮಾರಿದವನು ಒಂದೇ ದಿನದ ಲೆಕ್ಕಕ್ಕೆ

"ಅತ್ತೆ, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನವರಿಗೆ ನಾಲ್ಕು ಪಾಯಿಂಟ್ ಕಟ್ ಮಾಡಿದಾರೆ. ಮ್ಯಾಚ್ ಸೋತಿದ್ದಕ್ಕಲ್ಲ, ಲೆಕ್ಕ ಸರಿಯಿಲ್ಲ ಅಂತ! ಹೀಗೂ ಉಂಟಾ?"

2024ರ ಮಾರ್ಚ್‌ನಲ್ಲಿ ನನ್ನ ಅಣ್ಣನ ಮಗ ಹೀಗೆ ಕೇಳಿದ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಅಂದ್ರೆ ಅವನಿಗೆ ಊಟ ನಿದ್ದೆ ಎರಡೂ ಬೇಡ. ನನಗೆ ಆಫ್‌ಸೈಡ್ ಯಾವುದು ಅಂತ ಇವತ್ತಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ಆದರೆ ಲೆಕ್ಕಪತ್ರ ನೋಡಿಯೇ ಅನ್ನ ತಿಂದವಳು ನಾನು. ಲಾಭ-ನಷ್ಟದ ಪಟ್ಟಿ ನೋಡಿ ತಂಡಕ್ಕೆ ಶಿಕ್ಷೆ ಕೊಡ್ತಾರೆ ಅಂದ ಮೇಲೆ ಸುಮ್ಮನಿರಲಾಗಲಿಲ್ಲ, ಕೂತು ಓದಿದೆ.

ಮೊದಲಿಗೆ ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ನಮಗೆಲ್ಲ ಐಪಿಎಲ್ ಹರಾಜು ಗೊತ್ತು. ಕೊಹ್ಲಿಯನ್ನು ಆರ್‌ಸಿಬಿ 21 ಕೋಟಿಗೆ ಉಳಿಸಿಕೊಂಡಿತು ಅಂದರೆ ಅದು ಒಂದು ಸೀಸನ್ನಿಗೆ ಆಟಗಾರನಿಗೇ ಸಿಗುವ ಸಂಬಳ. ಫುಟ್‌ಬಾಲಿನಲ್ಲಿ ಹಾಗಲ್ಲ. ಒಪ್ಪಂದದಲ್ಲಿರುವ ಆಟಗಾರ ಒಂದು ಕ್ಲಬ್ ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದರೆ ಹೊಸ ಕ್ಲಬ್ ಹಳೇ ಕ್ಲಬ್‌ಗೆ ಒಂದು ಮೊತ್ತ ಕೊಡಬೇಕು. ಅದು ಟ್ರಾನ್ಸ್‌ಫರ್ ಫೀ. ಆಟಗಾರನ ಸಂಬಳ ಬೇರೆ. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಮೊದಲನೆಯದು. ಕ್ಲಬ್‌ನ ಲೆಕ್ಕ ಪುಸ್ತಕದಲ್ಲಿ ಇವೆರಡೂ ಕೂರುವ ಜಾಗವೇ ಬೇರೆ ಬೇರೆ.

2022ರ ಬೇಸಿಗೆಯಲ್ಲಿ ಫಾರೆಸ್ಟ್ 23 ವರ್ಷಗಳ ನಂತರ ಪ್ರೀಮಿಯರ್ ಲೀಗಿಗೆ ಬಂದಿತ್ತು. ಬಂದವರೇ ಇಪ್ಪತ್ತಕ್ಕೂ ಹೆಚ್ಚು ಆಟಗಾರರನ್ನು ತಂದರು. ಅವರಲ್ಲಿ ಒಬ್ಬ ಮಾರ್ಗನ್ ಗಿಬ್ಸ್-ವೈಟ್. ಆಗ ವರದಿಯಾದಂತೆ ಮೊದಲ ಮೊತ್ತ 2.5 ಕೋಟಿ ಪೌಂಡ್, ಒಪ್ಪಂದ ಐದು ವರ್ಷದ್ದು. ನೀವೇ ಹೇಳಿ, ಆ ವರ್ಷದ ಖರ್ಚಿಗೆ ಎಷ್ಟು ಬರೆಯಬೇಕು? 2.5 ಕೋಟಿ ಅಂದಿರಾದರೆ ತಪ್ಪು. ಅರ್ಧ ಕೋಟಿ, ಅಷ್ಟೇ.

ಕಾರಣ ಸರಳ. ಗಿರಣಿಗೆ ಹತ್ತು ಲಕ್ಷದ ಯಂತ್ರ ತಂದರೆ ಅಷ್ಟನ್ನೂ ಆ ವರ್ಷದ ಖರ್ಚು ಅಂತ ಬರೆಯುತ್ತೇವಾ? ಇಲ್ಲ. ಆಸ್ತಿ ಅಂತ ತೋರಿಸಿ, ಅದು ದುಡಿಯುವಷ್ಟು ವರ್ಷ ಸವಕಳಿ ಹಾಕುತ್ತಾ ಬರುತ್ತೇವೆ. ಆಟಗಾರನ ವಿಷಯದಲ್ಲೂ ಹಾಗೆಯೇ. ಮನುಷ್ಯ ಆಸ್ತಿಯಲ್ಲ, ಅವನನ್ನು ನಮ್ಮ ತಂಡಕ್ಕೆ ಆಡಿಸುವ ನೋಂದಣಿಯ ಹಕ್ಕು ಆಸ್ತಿ. ಕಣ್ಣಿಗೆ ಕಾಣದ ಆಸ್ತಿ. ಏಜೆಂಟನಿಗೆ ಕೊಟ್ಟ ಕಮಿಷನ್ ಕೂಡ ಸಾಮಾನ್ಯವಾಗಿ ಅದರ ಬೆಲೆಗೇ ಸೇರುತ್ತದೆ. ಒಪ್ಪಂದ ಎಷ್ಟು ವರ್ಷವೋ ಅಷ್ಟು ಭಾಗ ಮಾಡಿ ವರ್ಷಕ್ಕೊಂದು ಭಾಗ ಖರ್ಚಿಗೆ ಹಾಕುವುದಕ್ಕೆ ಅಮಾರ್ಟೈಸೇಷನ್ ಅನ್ನುತ್ತಾರೆ. ಹಣ ನಗದಾಗಿ ಕೊಟ್ಟರೋ ಮೂರು ಕಂತಿನಲ್ಲಿ ಕೊಟ್ಟರೋ ಎಂಬುದಕ್ಕೂ ಈ ಹಂಚಿಕೆಗೂ ಸಂಬಂಧವಿಲ್ಲ. ಇಲ್ಲೇ ಬಹಳ ಜನ ಎಡವುತ್ತಾರೆ.

ಸಂಬಳಕ್ಕೆ ಈ ಸೌಕರ್ಯ ಇಲ್ಲ. ಈ ವರ್ಷದ ಸಂಬಳ ಈ ವರ್ಷದ ಖರ್ಚು. ಲೆಕ್ಕಕ್ಕೆ ಬೇಕಾಗಿ ಒಂದು ಅಂದಾಜು ಇಟ್ಟುಕೊಳ್ಳೋಣ: ಐದು ವರ್ಷಕ್ಕೆ 2.5 ಕೋಟಿ ಪೌಂಡಿಗೆ ತಂದ ಆಟಗಾರನಿಗೆ ವಾರಕ್ಕೆ 80 ಸಾವಿರ ಪೌಂಡ್ ಸಂಬಳ (ಅಲ್ಲಿ ವಾರದ ಲೆಕ್ಕವೇ ರೂಢಿ). ವರ್ಷಕ್ಕೆ ಸುಮಾರು 42 ಲಕ್ಷ. ಜೊತೆಗೆ ಅಮಾರ್ಟೈಸೇಷನ್ 50 ಲಕ್ಷ. ಒಟ್ಟು 92 ಲಕ್ಷ ಪೌಂಡ್, ಅವನು ಆಡಲಿ, ಬೆಂಚಿನ ಮೇಲೆ ಕೂರಲಿ. ಒಪ್ಪಂದ ಮುಗಿದು 'ಫ್ರೀ' ಆಗಿ ಬಂದವನಿಗೆ ವಾರಕ್ಕೆ ಎರಡು ಲಕ್ಷ ಕೊಟ್ಟರೆ ವರ್ಷಕ್ಕೆ ಒಂದು ಕೋಟಿ ದಾಟಿತು. ಪುಕ್ಕಟೆ ಬಂದವನೇ ದುಬಾರಿ! ಫಾರೆಸ್ಟ್‌ಗೆ ಆ ಮೊದಲ ವರ್ಷ ಬಂದ ಆದಾಯ ಸುಮಾರು 15.5 ಕೋಟಿ ಪೌಂಡ್, ಸಂಬಳದ ಬಿಲ್ಲೇ 14.5 ಕೋಟಿಯ ಆಸುಪಾಸು. ಬಂದ ನೂರು ರೂಪಾಯಿಯಲ್ಲಿ ತೊಂಬತ್ತಮೂರೋ ತೊಂಬತ್ನಾಲ್ಕೋ ಸಂಬಳಕ್ಕೇ ಹೋದರೆ ಅಮಾರ್ಟೈಸೇಷನ್ ಎಲ್ಲಿಂದ ತುಂಬಿಸುತ್ತೀರಿ?

ಆಟಗಾರನನ್ನು ಮಾರಿದಾಗ ಏನಾಗುತ್ತದೆ ಅನ್ನುವುದರಲ್ಲೇ ಈ ಕಥೆಯ ತಿರುಳಿದೆ.

ಮಾರಿದ ಬೆಲೆಯಲ್ಲಿ ಪುಸ್ತಕದಲ್ಲಿ ಇನ್ನೂ ಉಳಿದಿರುವ ಬೆಲೆ ಕಳೆದರೆ ಬರುವುದು ಲಾಭ ಅಥವಾ ನಷ್ಟ. ಅದು ಪೂರ್ತಿಯಾಗಿ ಆ ವರ್ಷಕ್ಕೇ ಸೇರುತ್ತದೆ. 2.5 ಕೋಟಿಯ ನಮ್ಮ ಆಟಗಾರನನ್ನು ಮೂರು ವರ್ಷದ ನಂತರ ಎರಡು ಕೋಟಿಗೆ ಮಾರಿದರು ಅನ್ನಿ. ಬೀದಿಯ ಲೆಕ್ಕದಲ್ಲಿ ಅರ್ಧ ಕೋಟಿ ನಷ್ಟ. ಪುಸ್ತಕದಲ್ಲಿ ಉಳಿದ ಬೆಲೆ ಒಂದು ಕೋಟಿ ಮಾತ್ರ, ಹಾಗಾಗಿ ಒಂದು ಕೋಟಿ ಲಾಭ! ಅದೇ ಆಟಗಾರ ಒಂದೇ ವರ್ಷಕ್ಕೆ ಸಪ್ಪೆ ಅನ್ನಿಸಿಕೊಂಡು ಒಂದೂವರೆ ಕೋಟಿಗೆ ಹೋದರೆ, ಪುಸ್ತಕದ ಬೆಲೆ ಎರಡು ಕೋಟಿ ಇರುವುದರಿಂದ ಅರ್ಧ ಕೋಟಿ ನಷ್ಟ. ತಪ್ಪಾಗಿ ಕೊಂಡವರನ್ನು ಕ್ಲಬ್‌ಗಳು ಬೇಗ ಮಾರದೆ ಇನ್ನೊಂದು ತಂಡಕ್ಕೆ ಬಾಡಿಗೆಗೆ ಕಳಿಸುವುದಕ್ಕೆ ಇದೂ ಒಂದು ಕಾರಣ.

ಇನ್ನು ಕ್ಲಬ್ ತಾನೇ ಬೆಳೆಸಿದ ಹುಡುಗನಿದ್ದರೆ? ಅವನಿಗೆ ಟ್ರಾನ್ಸ್‌ಫರ್ ಫೀ ಕೊಟ್ಟಿಲ್ಲ, ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. ಹಾಗಾಗಿ ಮಾರಿದ್ದೆಲ್ಲ ಹೆಚ್ಚುಕಡಿಮೆ ಲಾಭವೇ.

ಫಾರೆಸ್ಟ್‌ನಲ್ಲಿ ಅಂಥ ಹುಡುಗನೊಬ್ಬ ಇದ್ದ. ಬ್ರೆನನ್ ಜಾನ್ಸನ್. ಹುಟ್ಟಿದ್ದು ನಾಟಿಂಗ್‌ಹ್ಯಾಮ್‌ನಲ್ಲೇ, ಅಪ್ಪ ಡೇವಿಡ್ ಜಾನ್ಸನ್ ಇದೇ ತಂಡಕ್ಕೆ ಆಡಿದವರು, ಮಗ ಎಂಟನೇ ವಯಸ್ಸಿಂದ ಇದೇ ಅಂಗಳದಲ್ಲಿ ಬೆಳೆದವನು. ಮನೆಮಗ ಅಂತೀವಲ್ಲ, ಹಾಗೆ.

ಪ್ರೀಮಿಯರ್ ಲೀಗಿನ ಆಗಿನ ನಿಯಮದ ಪ್ರಕಾರ ಮಾಲೀಕರು ಬಂಡವಾಳ ಹಾಕಿ ತುಂಬಿಕೊಡುತ್ತಾರೆಂದರೆ ಮೂರು ವರ್ಷಕ್ಕೆ ಒಟ್ಟು 10.5 ಕೋಟಿ ಪೌಂಡ್ ನಷ್ಟದವರೆಗೆ ಮಾಫಿ ಇತ್ತು. ಅಂದರೆ ವರ್ಷಕ್ಕೆ 3.5 ಕೋಟಿ. ಯುವ ತಂಡ, ಮಹಿಳಾ ತಂಡ ಇಂಥವುಗಳ ಖರ್ಚನ್ನು ಈ ಲೆಕ್ಕದಿಂದ ಬಿಡುತ್ತಿದ್ದರು. ಆದರೆ ಕೆಳಗಿನ ದರ್ಜೆಯಲ್ಲಿ ಆಡಿದ ವರ್ಷಕ್ಕೆ ಮಿತಿ 1.3 ಕೋಟಿ ಮಾತ್ರ ಇತ್ತು. ಫಾರೆಸ್ಟ್ 2023ರ ಜೂನ್‌ಗೆ ಮುಗಿದ ಮೂರು ವರ್ಷದಲ್ಲಿ ಎರಡು ವರ್ಷ ಕೆಳಗೇ ಇತ್ತಲ್ಲ. 1.3, ಮತ್ತೆ 1.3, ಅದಕ್ಕೆ 3.5 ಕೂಡಿಸಿದರೆ 6.1 ಕೋಟಿ. ಅವರ ನಷ್ಟ 9.55 ಕೋಟಿಗೆ ಬಂದು ನಿಂತಿತು. ಮಿತಿ ಮೀರಿದ್ದು 3.45 ಕೋಟಿ ಪೌಂಡ್.

ಜಾನ್ಸನ್ ಒಬ್ಬನನ್ನು ಮಾರಿದ್ದರೆ ಸಾಕಿತ್ತು. ಮಾರಿದರು ಕೂಡ! ಟಾಟನ್‌ಹ್ಯಾಮ್ ತಂಡಕ್ಕೆ, ವರದಿಗಳ ಪ್ರಕಾರ 4.75 ಕೋಟಿ ಪೌಂಡಿಗೆ. ಅಷ್ಟೂ ಲಾಭವೇ ಅಂದುಕೊಂಡರೂ ನಷ್ಟ 4.8 ಕೋಟಿಗೆ ಇಳಿದು ಮಿತಿಯೊಳಗೆ ಆರಾಮವಾಗಿ ಕೂರುತ್ತಿತ್ತು. ಆದರೆ ಮಾರಿದ ದಿನ 2023ರ ಸೆಪ್ಟೆಂಬರ್ 1. ಲೆಕ್ಕದ ವರ್ಷ ಮುಗಿದದ್ದು ಜೂನ್ 30ಕ್ಕೆ. 63 ದಿನ ತಡ.

ಕ್ಲಬ್ ಹೇಳಿದ್ದು ಹೀಗೆ: ಅವಸರಕ್ಕೆ ಬಿದ್ದು ಜೂನ್‌ನಲ್ಲಿ ಕಡಿಮೆಗೆ ಕೊಡುವುದಕ್ಕಿಂತ ಕಾದು ಒಳ್ಳೇ ಬೆಲೆಗೆ ಮಾರಿದ್ದೇವೆ, ಕ್ಲಬ್‌ನ ಆರೋಗ್ಯಕ್ಕೆ ಇದೇ ಒಳ್ಳೆಯದಲ್ಲವೇ? ವ್ಯಾಪಾರದ ದೃಷ್ಟಿಯಿಂದ ನೋಡಿದರೆ ನನಗೆ ಈ ವಾದ ಸರಿಯೇ ಅನ್ನಿಸುತ್ತದೆ. ಆದರೆ ಲೆಕ್ಕದವಳಾಗಿ ಒಪ್ಪಲಾರೆ. ಮಾರ್ಚ್ 31ರ ನಂತರದ ಬಿಲ್ಲನ್ನು ಹಿಂದಿನ ವರ್ಷಕ್ಕೆ ಸೇರಿಸಿ ಅಂತ ಬರುವವರನ್ನು ಎಷ್ಟು ಜನರನ್ನು ನೋಡಿಲ್ಲ! ಒಬ್ಬರಿಗೆ ಒಪ್ಪಿದರೆ ಎಲ್ಲರಿಗೂ ಒಪ್ಪಬೇಕಾಗುತ್ತದೆ. ಸ್ವತಂತ್ರ ಆಯೋಗವೂ ಒಪ್ಪಲಿಲ್ಲ. ನಿಯಮ ಮೀರಿದ್ದಕ್ಕೆ ಮೂರು, ಮೀರಿದ ಪ್ರಮಾಣಕ್ಕೆ ಮೂರು, ಹೀಗೆ ಆರು ಪಾಯಿಂಟ್. ತಪ್ಪೊಪ್ಪಿ ಸಹಕರಿಸಿದ್ದಕ್ಕೆ ಎರಡು ಬಿಟ್ಟರು. ಉಳಿದದ್ದು ನಾಲ್ಕು. ಮೇಲ್ಮನವಿಯೂ ಬಿದ್ದುಹೋಯಿತು. ಆ ವರ್ಷ ಫಾರೆಸ್ಟ್ 17ನೇ ಸ್ಥಾನದಲ್ಲಿ, ಅಂದರೆ ಕೆಳದರ್ಜೆಗೆ ಬೀಳುವ ಗೆರೆಯ ಸರಿಯಾಗಿ ಮೇಲೆ ನಿಂತು ಉಳಿದುಕೊಂಡಿತು. ಬಿದ್ದಿದ್ದರೆ ಟಿವಿ ಹಣ ಹೋಗಿ ಸಂಬಳದ ಬಿಲ್ ಮಾತ್ರ ಹಾಗೇ ಉಳಿಯುತ್ತಿತ್ತು. ಅದಕ್ಕೇ ಬುದ್ಧಿವಂತ ಕ್ಲಬ್‌ಗಳು ತಂಡ ಕೆಳಗಿಳಿದರೆ ಸಂಬಳವೂ ಇಳಿಯಬೇಕು ಅಂತ ಒಪ್ಪಂದದಲ್ಲೇ ಬರೆಸಿರುತ್ತವೆ.

ಹಂಚಿಕೆಯ ವರ್ಷಗಳನ್ನೇ ಎಳೆದು ಉದ್ದ ಮಾಡಿದವರೂ ಇದ್ದಾರೆ. ಚೆಲ್ಸಿ ಕ್ಲಬ್ 2023ರ ಜನವರಿಯಲ್ಲಿ ಎಂಜೊ ಫರ್ನಾಂಡಿಸ್‌ನನ್ನು ಸುಮಾರು 10.7 ಕೋಟಿ ಪೌಂಡಿಗೆ ತಂದು ಎಂಟೂವರೆ ವರ್ಷದ ಒಪ್ಪಂದ ಮಾಡಿಕೊಂಡಿತು. ಐದಕ್ಕೆ ಭಾಗಿಸಿದರೆ ವರ್ಷಕ್ಕೆ 2.1 ಕೋಟಿ, ಎಂಟೂವರೆಗೆ ಭಾಗಿಸಿದರೆ 1.25 ಕೋಟಿ. ಆಮೇಲೆ ಯೂರೋಪಿನ ಒಕ್ಕೂಟ ಯುಇಎಫ್ಎಯೂ ಪ್ರೀಮಿಯರ್ ಲೀಗೂ ಒಪ್ಪಂದ ಎಷ್ಟೇ ಉದ್ದವಿರಲಿ, ಹೊಸ ಖರೀದಿಗೆ ಹಂಚಿಕೆ ಐದೇ ವರ್ಷ ಅಂತ ಬಾಗಿಲು ಹಾಕಿದವು. ಯುಇಎಫ್ಎ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂಬಳ, ಅಮಾರ್ಟೈಸೇಷನ್, ಏಜೆಂಟ್ ಕಮಿಷನ್ ಮೂರೂ ಸೇರಿ ಆದಾಯದ ಶೇಕಡಾ 70 ಮೀರಬಾರದು ಅನ್ನುತ್ತದೆ. ಬೀಗ ಇರಬೇಕಾದ ಜಾಗ ಇದು ಅಂತ ನನ್ನ ಅಭಿಪ್ರಾಯ.

ಆದರೂ ಮನೆಮಕ್ಕಳ ಪಾಡು ಬದಲಾಗಿಲ್ಲ. ಮರುವರ್ಷ, 2024ರ ಜೂನ್ ಕೊನೆಯಲ್ಲಿ, ನ್ಯೂಕ್ಯಾಸಲ್ ಕ್ಲಬ್‌ಗೆ ಇದೇ ಸಂಕಟ ಬಂತು. ಅವರು ಬೆಳೆಸಿದ ಊರ ಹುಡುಗ ಎಲಿಯಟ್ ಆಂಡರ್ಸನ್‌ನನ್ನು ಗಡುವಿನೊಳಗೇ, ಸುಮಾರು 3.5 ಕೋಟಿ ಪೌಂಡಿಗೆ ಅಂತ ಸುದ್ದಿ, ಮಾರಿಬಿಟ್ಟರು. ಕೊಂಡವರು ಯಾರು ಗೊತ್ತೇ? ಇದೇ ಫಾರೆಸ್ಟ್! ಅದೇ ಹೊತ್ತಿಗೆ ಫಾರೆಸ್ಟ್‌ನ ಗೋಲ್‌ಕೀಪರ್ ವ್ಲಾಚೊಡಿಮೊಸ್ ನ್ಯೂಕ್ಯಾಸಲ್‌ಗೆ ಹೋದ. ಮಾರಿದ ಲಾಭ ಇಬ್ಬರಿಗೂ ಆ ವರ್ಷಕ್ಕೇ ಬಂತು, ಕೊಂಡ ಖರ್ಚು ಮಾತ್ರ ಮುಂದಿನ ವರ್ಷಗಳಿಗೆ ಹಂಚಿಹೋಯಿತು.

ಕುತೂಹಲ ಇರುವವರು ಇದನ್ನೆಲ್ಲ ತಾವೇ ನೋಡಬಹುದು. ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಕ್ಲಬ್‌ಗಳ ವಾರ್ಷಿಕ ಲೆಕ್ಕ ಪುಕ್ಕಟೆ ಸಿಗುತ್ತದೆ. ಮೊದಲ ಪುಟಗಳ ಬಣ್ಣದ ಮಾತು ಬಿಟ್ಟು ಹಿಂದಿನ ಟಿಪ್ಪಣಿಗಳಿಗೆ ಹೋಗಿ. ಸಿಬ್ಬಂದಿ ವೆಚ್ಚ ಅನ್ನುವಲ್ಲಿ ಸಂಬಳ ಇರುತ್ತದೆ, ಕಣ್ಣಿಗೆ ಕಾಣದ ಆಸ್ತಿ ಅನ್ನುವಲ್ಲಿ ಈ ವರ್ಷ ಕೊಂಡದ್ದು, ಸವೆದದ್ದು, ಉಳಿದದ್ದು ಇರುತ್ತದೆ. ಇವೆರಡನ್ನೂ ಕೂಡಿಸಿ ಆದಾಯದ ಪಕ್ಕ ಇಟ್ಟು ನೋಡಿ. ಕೊನೆಗೆ, ಲೆಕ್ಕದ ವರ್ಷ ಮುಗಿದ ಮೇಲೆ ನಡೆದ ಘಟನೆಗಳು ಅಂತ ಒಂದು ಸಣ್ಣ ಟಿಪ್ಪಣಿ ಇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಯಾರನ್ನು ಮಾರಿದರು ಎಂಬುದು ಸಾಮಾನ್ಯವಾಗಿ ಅಲ್ಲೇ ಕಾಣುವುದು.